ತಪ್ಪಿನ ಗೆರೆಯ ಶಿಖರಗಳೆಲ್ಲ ಒಂದೇ ಎತ್ತರ ಯಾಕೆ? (e^x, ಎರಡನೇ ಡಿಗ್ರಿ, ಚೆಬಿಶೆವ್ ಅಂದಾಜು)

ಬೆಸುಗೆಕಡ್ಡಿ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ದೀಪದ ಬೆಳಕನ್ನು ನಿಧಾನಕ್ಕೆ ಏರಿಸಿ ಇಳಿಸುವ ಒಂದು ಚಿಕ್ಕ ಬೋರ್ಡ್ ಮಾಡ್ತಿದ್ದೀನಿ. ಎಂಟು ಬಿಟ್ಟಿನ ಕಂಟ್ರೋಲರ್, ದಶಮಾಂಶದ ಲೆಕ್ಕ ಅದಕ್ಕೆ ಬರಲ್ಲ. ಅದರಲ್ಲಿ e^x ಬೇಕು, x ಇರೋದು −1 ರಿಂದ 1 ರವರೆಗೆ. ಎರಡನೇ ಡಿಗ್ರಿಗಿಂತ ಮೇಲೆ ಹೋಗೋಕೆ ಸಮಯ ಸಾಲಲ್ಲ.

ಮೊದಲು ಕಾಲೇಜಲ್ಲಿ ಕಲಿತ ಟೇಲರ್ ಸರಣಿ ಹಾಕಿದೆ, 1 + x + x²/2. ಸೊನ್ನೆ ಹತ್ತಿರ ಚೆನ್ನಾಗಿದೆ, ಆದರೆ x = 1 ರಲ್ಲಿ 0.218 ತಪ್ಪು. ಪಕ್ಕದ ಟೇಬಲ್ಲಿನ ಗೆಳೆಯ ನೋಡಿ, "ಇದನ್ನ ಹಾಕು" ಅಂತ ಈ ಗುಣಾಂಕ ಕೊಟ್ಟ:

```
p(x) = 0.98904 + 1.13018 x + 0.55404 x^2
```

ಹಾಕಿದೆ. ಎಲ್ಲಿ ನೋಡಿದರೂ ತಪ್ಪು 0.045 ದಾಟಲ್ಲ. ಹೆಚ್ಚುಕಮ್ಮಿ ಐದು ಪಟ್ಟು ಉತ್ತಮ, ಲೆಕ್ಕದ ಖರ್ಚು ಅಷ್ಟೇ. ಆದರೆ e^x − p(x) ಗ್ರಾಫ್ ಹಾಕಿ ನೋಡಿದಾಗ ನನಗೆ ನಿದ್ದೆ ಹೋಯ್ತು. ಎಡ ತುದಿಯಲ್ಲಿ −0.045, ಆಮೇಲೆ ಮೇಲೆದ್ದು +0.045, ಮತ್ತೆ ಕೆಳಗೆ −0.045, ಬಲ ತುದಿಯಲ್ಲಿ +0.045. ನಾಲ್ಕೂ ಅಳೆದು ಕತ್ತರಿಸಿದ ಹಾಗೆ ಸಮ. e^x ಎಡಗಡೆ ಸಪ್ಪಗಿದೆ, ಬಲಗಡೆ ಜೋರಾಗಿ ಏರುತ್ತೆ. ಅಂಥ ಗೆರೆಯ ತಪ್ಪು ಇಷ್ಟು ಸಮವಾಗಿ ಬರೋದು ಹೇಗೆ? ಗೆಳೆಯನಿಗೂ ಕಾರಣ ಗೊತ್ತಿಲ್ಲ.

ದ್ರಾಕ್ಷಿತೋಟ · ಸೋಮವಾರ ರಾತ್ರಿ 10:15

ಇಷ್ಟೆಲ್ಲ ಯಾಕ್ರೀ. ನೂರು ಬಿಂದು ತಗೊಂಡು `polyfit` ಕೊಟ್ಟರ ಮುಗೀತು, ಅದೇ ಬರ್ತದ. ನಮ್ಮ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನ ಥರ್ಮಿಸ್ಟರಿಗೆ ನಾನು ಹಂಗ ಮಾಡೀನಿ. ನಲವತ್ತು ರೀಡಿಂಗ್ ತಗೊಂಡೆ, ಮೂರನೇ ಡಿಗ್ರಿ ಕೂರಿಸಿದೆ, ಎರಡು ವರ್ಷದಿಂದ ಓಡ್ಲಿಕ್ಹತ್ತದ.

ಇಬ್ಬನಿ · ಸೋಮವಾರ ರಾತ್ರಿ 10:50

ಅದೇ ಬರಲ್ಲ ಅಣ್ಣಾ. `polyfit` ಮಾಡೋದು ತಪ್ಪುಗಳ ವರ್ಗಗಳ ಮೊತ್ತ ಕಡಿಮೆ ಮಾಡುವ ಕೆಲಸ. ಒಟ್ಟಾರೆ ತಪ್ಪು ಕಡಿಮೆಯಾಗುತ್ತೆ, ಆದರೆ ಎಲ್ಲೋ ಒಂದು ಮೂಲೆಯಲ್ಲಿ ದೊಡ್ಡ ತಪ್ಪು ಉಳಿದರೂ ಅದಕ್ಕೆ ಬೇಸರವಿಲ್ಲ. ಇದೇ e^x ಗೆ −1 ರಿಂದ 1 ರವರೆಗೆ ಕನಿಷ್ಠ ವರ್ಗದ ಉತ್ತರ ಸುಮಾರು ಇದು:

```
0.99629 + 1.10364 x + 0.53672 x^2
```

ಇದರ ತಪ್ಪಿನ ಶಿಖರಗಳು ಎಡದಿಂದ ಬಲಕ್ಕೆ −0.0615, +0.0296, −0.0336, +0.0816. ನಡುವೆ ತುಂಬಾ ಚೆನ್ನಾಗಿದೆ, ತುದಿಗಳಲ್ಲಿ ಸಡಿಲ. ಬೆಸುಗೆಕಡ್ಡಿಯವರ ಗೆಳೆಯ ಕೊಟ್ಟದ್ದು ಬೇರೆ ಪ್ರಶ್ನೆಗೆ ಉತ್ತರ: ಎಲ್ಲೆಲ್ಲಿಯ ತಪ್ಪು ನೋಡಿದರೂ ಅದರಲ್ಲಿ ಅತಿ ದೊಡ್ಡದು ಎಷ್ಟು ಚಿಕ್ಕದಾಗಬಹುದು? ಚೆಬಿಶೆವ್ ಕೇಳಿದ್ದು ಅದನ್ನೇ.

ನಿಮ್ಮ ಥರ್ಮಿಸ್ಟರಿಗೆ `polyfit` ಸರಿಯಾದದ್ದೇ, ಅದನ್ನು ಬದಲಾಯಿಸಬೇಡಿ. ಅಲ್ಲಿ ಇರೋದು ಅಳತೆ, ಅಳತೆಯಲ್ಲಿ ಗದ್ದಲ ಇರುತ್ತೆ. ನಲವತ್ತರಲ್ಲಿ ಒಂದು ರೀಡಿಂಗ್ 6 ಡಿಗ್ರಿ ತಪ್ಪಿದೆ ಅಂದುಕೊಳ್ಳಿ, ಅದರ ಒತ್ತಿನಲ್ಲೇ ಸರಿಯಾದ ರೀಡಿಂಗೂ ಇದೆ. ಅತಿ ದೊಡ್ಡ ತಪ್ಪನ್ನು ಕಡಿಮೆ ಮಾಡಲು ಹೊರಟರೆ ಗೆರೆ ಆ ಎರಡರ ನಡುವೆ ಹೋಗುತ್ತೆ, ಸರಿಯಾದ ರೀಡಿಂಗಿನಲ್ಲೂ 3 ಡಿಗ್ರಿಯಷ್ಟು ತಪ್ಪು ಬೀಳುತ್ತೆ. ಕೆಟ್ಟ ಒಂದು ಬಿಂದು ಇಡೀ ಗೆರೆಯನ್ನು ಎಳೆದುಕೊಂಡು ಹೋಗುತ್ತೆ. e^x ನಲ್ಲಿ ಗದ್ದಲವೇ ಇಲ್ಲ, ಬೆಲೆ ನಮಗೆ ಎಷ್ಟು ಅಂಕಿವರೆಗೆ ಬೇಕೋ ಅಷ್ಟು ಗೊತ್ತು. ಅದಕ್ಕೇ ಅಲ್ಲಿ ಇದು ಸರಿಹೊಂದೋದು.

ದ್ರಾಕ್ಷಿತೋಟ · ಸೋಮವಾರ ರಾತ್ರಿ 11:05

ಹೌದಲ್ಲ, ನಾನು ಪ್ರಶ್ನೆ ಬ್ಯಾರೆ ತಿಳ್ಕೊಂಡಿದ್ದೆ. ಬಾಗಿಲ ಹತ್ರದ ಒಂದು ರೀಡಿಂಗ್ ಅನುಮಾನ ಇತ್ತು, ಅದನ್ನ ತೆಗೀಲಿಲ್ಲ. ನಾಳೆ ನೋಡ್ತೀನಿ.

ತುಂಗಾತೀರ · ಮಂಗಳವಾರ ಬೆಳಿಗ್ಗೆ 7:20

ಕಾರಣ ಸರಳ ಇದೆ. ಎರಡನೇ ಡಿಗ್ರಿಯ ಅತ್ಯುತ್ತಮ ಅಂದಾಜಿನಲ್ಲಿ ಉಳಿಯೋ ತಪ್ಪು ಅಂದರೆ ಚೆಬಿಶೆವ್ ಬಹುಪದೋಕ್ತಿ T₃ = 4x³ − 3x. ಅದು −1 ಮತ್ತು 1 ರ ನಡುವೆ ಸಮನಾಗಿ ಮೇಲೆ ಕೆಳಗೆ ಓಲಾಡುತ್ತೆ, ಯಾಕೆಂದರೆ ಅದು ವೇಷ ಮರೆಸಿಕೊಂಡ ಕೊಸೈನ್: x = cos θ ಅಂದರೆ T₃ = cos 3θ. ಕೊಸೈನಿನ ಶಿಖರಗಳು ಸಮ, ಹಾಗಾಗಿ ತಪ್ಪಿನ ಶಿಖರಗಳೂ ಸಮ. ಮುಗೀತು.

ಬೆಸುಗೆಕಡ್ಡಿ · ಮಂಗಳವಾರ ಬೆಳಿಗ್ಗೆ 8:10

ಸರ್, ಹಾಗಿದ್ದರೆ ಒಳಗಿನ ಎರಡು ಶಿಖರಗಳು −0.5 ಮತ್ತು 0.5 ರಲ್ಲಿ ಬರಬೇಕಿತ್ತಲ್ಲ? ನನ್ನ ಗ್ರಾಫಿನಲ್ಲಿ ಅವು −0.437 ಮತ್ತು 0.560 ರಲ್ಲಿವೆ. ಎರಡೂ ಬಲಕ್ಕೆ ಸರಿದಿವೆ.

ಹಳೇ ಮೇಷ್ಟ್ರು · ಮಂಗಳವಾರ ಬೆಳಿಗ್ಗೆ 10:30

ಚೆನ್ನಾಗಿ ನೋಡಿದ್ದೀರಿ. ತುಂಗಾತೀರರು ಹೇಳಿದ್ದು ಅರ್ಧ ನಿಜ. ನಾವು ಅಂದಾಜು ಮಾಡುತ್ತಿರುವುದು ಬರೀ x³ ಆಗಿದ್ದರೆ ಅವರ ಮಾತು ಅಕ್ಷರಶಃ ಸರಿ, ತಪ್ಪು T₃/4 ಆಗಿಯೇ ಬರುತ್ತದೆ. e^x ನಲ್ಲಿ x³/6 ರ ಆಚೆಗೂ ಪದಗಳಿವೆ. ಬರೀ x³/6 ನೋಡಿದರೆ ಶಿಖರದ ಎತ್ತರ 1/24, ಅಂದರೆ 0.0417 ಬರಬೇಕು. ನಿಮಗೆ ಬಂದದ್ದು 0.0450. ಉಳಿದ ಪದಗಳು ಎತ್ತರವನ್ನೂ ಬದಲಿಸಿವೆ, ಜಾಗವನ್ನೂ ಬಲಕ್ಕೆ ತಳ್ಳಿವೆ. ಆದರೂ ನಾಲ್ಕು ಎತ್ತರಗಳು ಸಮವಾಗಿಯೇ ಉಳಿದವು. ಆದ್ದರಿಂದ ಸಮತೆಯ ಕಾರಣ ಕೊಸೈನಿನಲ್ಲಿ ಇಲ್ಲ. |x| ನಂಥ ಮೂಲೆಯಿರುವ ಗೆರೆಗೂ ಹೀಗೇ ಆಗುತ್ತದೆ.

ಎರಡನೇ ಡಿಗ್ರಿಗೆ ಮೊದಲು ಒಂದು ಸ್ಕೇಲು ಹಿಡಿದು ನೋಡಿ. ಅಂದರೆ ನೇರ ಗೆರೆ, ಮೊದಲ ಡಿಗ್ರಿ.

ಹಾಳೆಯ ಮೇಲೆ e^x ಬರೆಯಿರಿ. ಎಡ ತುದಿಯಲ್ಲಿ ಅದರ ಎತ್ತರ 0.368, ಬಲ ತುದಿಯಲ್ಲಿ 2.718. ಸ್ಕೇಲನ್ನು ಈ ಎರಡು ತುದಿಗಳಿಗೆ ತಾಗಿಸಿ. ಸ್ಕೇಲಿನ ಇಳಿಜಾರು 1.1752. e^x ನಡುವೆ ಸ್ಕೇಲಿನ ಕೆಳಗೆ ಜೋತುಬಿದ್ದಿದೆ, ಹಗ್ಗದ ಹಾಗೆ. ಅತಿ ಹೆಚ್ಚು ಜೋತುಬೀಳುವುದು ವಕ್ರದ ಇಳಿಜಾರೂ 1.1752 ಆಗುವ ಕಡೆ, ಅಂದರೆ x = 0.1614 ರಲ್ಲಿ. ಅಲ್ಲಿ ಅಂತರ 0.5576. ತುದಿಗಳಲ್ಲಿ ಅಂತರ ಸೊನ್ನೆ. ಈಗ ಸ್ಕೇಲನ್ನು ವಾಲಿಸದೆ ಆ ಅಂತರದ ಅರ್ಧದಷ್ಟು ಕೆಳಗೆ ಜಾರಿಸಿ. ತುದಿಗಳಲ್ಲಿ ವಕ್ರ ಸ್ಕೇಲಿಗಿಂತ 0.2788 ಮೇಲೆ, ನಡುವೆ 0.2788 ಕೆಳಗೆ. ಸ್ಕೇಲಿನ ಸಮೀಕರಣ 1.2643 + 1.1752 x.

ಇದಕ್ಕಿಂತ ಒಳ್ಳೆಯ ಸ್ಕೇಲು ಇರಬಹುದೇ? ಇದೆ ಎಂದುಕೊಳ್ಳಿ. ಅದು ಎಡ ತುದಿಯಲ್ಲಿ ವಕ್ರಕ್ಕೆ ಇನ್ನೂ ಹತ್ತಿರ ಇರಬೇಕು, ಅಂದರೆ ನಮ್ಮ ಸ್ಕೇಲಿಗಿಂತ ಮೇಲೆ. ನಡುವೆ ಹತ್ತಿರ ಇರಬೇಕಾದರೆ ನಮ್ಮದಕ್ಕಿಂತ ಕೆಳಗೆ. ಬಲ ತುದಿಯಲ್ಲಿ ಮತ್ತೆ ಮೇಲೆ. ಮೇಲೆ, ಕೆಳಗೆ, ಮೇಲೆ ಎಂದು ಹೋಗಲು ಹೊಸ ಸ್ಕೇಲು ಹಳೆಯದನ್ನು ಎರಡು ಕಡೆ ದಾಟಬೇಕು. ಎರಡು ಬೇರೆ ಬೇರೆ ನೇರ ಗೆರೆಗಳು ಒಂದೇ ಕಡೆ ದಾಟಬಲ್ಲವು. ಆದ್ದರಿಂದ ಅಂಥ ಸ್ಕೇಲು ಇಲ್ಲ.

ಎರಡನೇ ಡಿಗ್ರಿಗೂ ಇದೇ ಮಾತು. ಅಂಥ ಎರಡು ವಕ್ರಗಳು ಹೆಚ್ಚೆಂದರೆ ಎರಡು ಕಡೆ ದಾಟುತ್ತವೆ. ನಿಮ್ಮ ನಾಲ್ಕು ಸಮ ಶಿಖರಗಳನ್ನೂ ತಗ್ಗಿಸಬೇಕಾದರೆ ಹೊಸ ವಕ್ರ ಹಳೆಯದನ್ನು ಮೂರು ಕಡೆ ದಾಟಬೇಕು. ಸಾಧ್ಯವಿಲ್ಲ. n ನೇ ಡಿಗ್ರಿಗೆ n + 2 ಶಿಖರಗಳು ಬೇಕು ಎನ್ನುವುದು ಈ ಎಣಿಕೆಯಿಂದಲೇ ಬಂದದ್ದು.

ಬೆಸುಗೆಕಡ್ಡಿ · ಮಂಗಳವಾರ ಮಧ್ಯಾಹ್ನ 1:15

ಮೇಷ್ಟ್ರೇ, ಊಟದ ಹೊತ್ತಲ್ಲಿ ನಿಜವಾಗಿಯೂ ಸ್ಕೇಲು ಹಿಡಿದು ನೋಡಿದೆ. ಶಿಖರಗಳು ಸಮ ಇದ್ದರೆ ಅದೇ ಅತ್ಯುತ್ತಮ ಅನ್ನೋದು ಈಗ ಕಣ್ಣಿಗೆ ಕಾಣ್ತಿದೆ. ನನ್ನ ಪ್ರಶ್ನೆ ಅದರ ಇನ್ನೊಂದು ಮಗ್ಗುಲು. ಅತ್ಯುತ್ತಮ ಆಗಬೇಕಾದರೆ ಸಮ ಆಗಲೇಬೇಕಾ? ಶಿಖರಗಳು ಏರುಪೇರು ಇದ್ದೂ ಅತಿ ದೊಡ್ಡದು 0.045 ಕ್ಕಿಂತ ಕಡಿಮೆ ಇರೋ ಇನ್ನೊಂದು ಎಲ್ಲೋ ಇರಬಹುದಲ್ಲ?

ಇಬ್ಬನಿ · ಮಂಗಳವಾರ ಸಂಜೆ 6:45

ಇದಕ್ಕೆ ನಾನು ಮೇಲೆ ಹಾಕಿದ ಕನಿಷ್ಠ ವರ್ಗದ ಉತ್ತರವನ್ನೇ ತಗೊಂಡು ಕೈಯಲ್ಲಿ ರಿಪೇರಿ ಮಾಡೋಣ. ಶಿಖರಗಳು −0.0615, +0.0296, −0.0336, +0.0816. ಏರುಪೇರು ಇದ್ದರೆ ಯಾವಾಗಲೂ ಒಂದು ದಾರಿ ತೆರೆದಿರುತ್ತೆ, ಅದನ್ನು ನೋಡೋದು ಮುಖ್ಯ.

ಈಗ ಅತಿ ದೊಡ್ಡದು ಬಲ ತುದಿಯ 0.0816 ಒಂದೇ. ಅಲ್ಲಿ e^x ಮೇಲಿದೆ, p ಕೆಳಗಿದೆ. ಹಾಗಾದರೆ p ಯನ್ನು ಇಡಿಯಾಗಿ 0.01 ಮೇಲೆ ಎತ್ತಿ. ಎಲ್ಲ ಕಡೆ ತಪ್ಪಿನಿಂದ 0.01 ಕಳೆಯುತ್ತೆ: −0.0715, +0.0196, −0.0436, +0.0716. ಎಡ ತುದಿ ಸ್ವಲ್ಪ ಕೆಟ್ಟಿತು, ಆದರೆ ಅತಿ ದೊಡ್ಡದು 0.0816 ರಿಂದ 0.0716 ಕ್ಕೆ ಇಳಿಯಿತು. ಇನ್ನೂ ಎತ್ತಿದರೆ ಎಡ ತುದಿ ಮುಂದೆ ಬರುತ್ತೆ, ಇಳಿಸಿದರೆ ಬಲ ತುದಿ. ಎತ್ತುವ ಆಟ ಇಲ್ಲಿಗೆ ಮುಗೀತು.

ಆದರೆ ವಾಲಿಸಬಹುದು. ಎಡ ತುದಿ ಋಣ, ಬಲ ತುದಿ ಧನ. p ಗೆ 0.02x ಸೇರಿಸಿದರೆ ಬಲದಲ್ಲಿ p ಮೇಲೇಳುತ್ತೆ, ಎಡದಲ್ಲಿ ಕೆಳಗಿಳಿಯುತ್ತೆ. ಎರಡು ತುದಿಗಳೂ ಒಟ್ಟಿಗೆ ತಗ್ಗುತ್ತವೆ: −0.0515, +0.0283, −0.0537, +0.0516. ಈಗ ಮೂರು ಶಿಖರಗಳು ಹತ್ತತ್ತಿರ ಬಂದಿವೆ, −0.44 ರ ಸುತ್ತಮುತ್ತಲಿನ ಒಂದು ಮಾತ್ರ ಹಿಂದೆ ಬಿದ್ದಿದೆ. ಮೂರರ ಚಿಹ್ನೆ ಕ್ರಮವಾಗಿ −, −, +. ಒಂದೇ ಸಲ ಬದಲಾಗಿದೆ. ಹಾಗಾಗಿ 0.56 ಮತ್ತು 1 ರ ನಡುವೆ ಒಂದು ಕಡೆ ಕೀಲು ಇಟ್ಟ ಹಾಗೆ ಮತ್ತೊಮ್ಮೆ ವಾಲಿಸಿದರೆ ಮೂರೂ ತಗ್ಗುತ್ತವೆ, ಹಿಂದೆ ಬಿದ್ದ ನಾಲ್ಕನೆಯದು ಏರುತ್ತೆ. ಅದಕ್ಕೆ ಇನ್ನೂ ಜಾಗ ಇದೆ, ಏರಿದರೆ ಏನೂ ನಷ್ಟ ಇಲ್ಲ.

ಹೀಗೆ ಪ್ರತಿ ಸಲವೂ ಮುಂದಿರುವ ಶಿಖರಗಳ ಚಿಹ್ನೆ ನೋಡಬೇಕು. ಚಿಹ್ನೆ ಬದಲಾಗುವ ಕಡೆಗಳಲ್ಲಿ ಸೊನ್ನೆಯಾಗುವ ಒಂದು ಬಹುಪದೋಕ್ತಿ ಬರೆದು, ಅದರ ಚೂರನ್ನು ಸೇರಿಸಬೇಕು. ಒಂದು ಸಲ ಬದಲಾದರೆ (x − r), ಎರಡು ಸಲ ಬದಲಾದರೆ (x − r)(x − s). ಚೂರು ಸಣ್ಣದಾಗಿದ್ದರೆ ಮುಂದಿರುವವೆಲ್ಲ ತಗ್ಗುತ್ತವೆ, ಉಳಿದ ಕಡೆ ತಪ್ಪು ಮೊದಲೇ ಕಡಿಮೆ ಇರೋದರಿಂದ ಅಲ್ಲಿ ಏರಿದರೂ ಮಿತಿ ದಾಟಲ್ಲ. ಎಲ್ಲಿಯವರೆಗೆ? ನಾಲ್ಕು ಶಿಖರಗಳು ಸಮನಾಗಿ −, +, −, + ಆದಾಗ ಚಿಹ್ನೆ ಮೂರು ಸಲ ಬದಲಾಗುತ್ತೆ. ಮೂರು ಕಡೆ ಸೊನ್ನೆಯಾಗಲು ಮೂರನೇ ಡಿಗ್ರಿ ಬೇಕು. ನಮ್ಮ ಕೈಯಲ್ಲಿ ಇರೋದು ಎರಡೇ. ಆಗ ನಿಲ್ಲುತ್ತೆ, ಅದಕ್ಕೆ ಮುಂಚೆ ನಿಲ್ಲಲ್ಲ. ಶಿಖರಗಳನ್ನು ಸಮ ಮಾಡಬೇಕು ಅಂತ ಯಾರೂ ಹೊರಟಿಲ್ಲ. ತಗ್ಗಿಸೋಕೆ ಇರೋ ಸ್ವಾತಂತ್ರ್ಯವೆಲ್ಲ ಖರ್ಚಾದ ಮೇಲೆ ಉಳಿಯೋ ಆಕಾರ ಅದು.

ತುಂಗಾತೀರ · ಮಂಗಳವಾರ ರಾತ್ರಿ 9:05

ಒಪ್ಪಿದೆ, ಕೊಸೈನ್ ಕಾರಣ ಅಲ್ಲ. ಆದರೆ ಒಂದು ತಕರಾರು. ಮೇಷ್ಟ್ರು |x| ಹೆಸರು ಹೇಳಿದರಲ್ಲ, ಅದನ್ನೇ ಮಾಡಿ ನೋಡಿದೆ. −1 ರಿಂದ 1 ರವರೆಗೆ |x| ಗೆ x² + 1/8. ತಪ್ಪು x = 0 ಯಲ್ಲಿ −1/8, ±1/2 ರಲ್ಲಿ +1/8, ±1 ರಲ್ಲಿ −1/8. ಐದು ಸಮ ಶಿಖರ! ಎರಡನೇ ಡಿಗ್ರಿಗೆ ನಾಲ್ಕು ಅಂದಿರಿ. ಎಣಿಕೆ ತಪ್ಪಿತಲ್ಲ?

ಹಳೇ ಮೇಷ್ಟ್ರು · ಮಂಗಳವಾರ ರಾತ್ರಿ 9:50

ತಪ್ಪಿಲ್ಲ, ನಾಲ್ಕು ಎನ್ನುವುದು ಕನಿಷ್ಠ. ಹೆಚ್ಚು ಬಂದರೆ ಬರಲಿ. |x| ಎಡಬಲ ಸಮರೂಪದ್ದು, ಹಾಗಾಗಿ ಮೂರನೇ ಡಿಗ್ರಿಗೆ ಅವಕಾಶ ಕೊಟ್ಟರೂ x³ ರ ಗುಣಾಂಕ ಸೊನ್ನೆಯೇ ಆಗುತ್ತದೆ. ನೀವು ಬರೆದ x² + 1/8 ಎರಡನೇ ಡಿಗ್ರಿಗೂ ಉತ್ತರ, ಮೂರನೇ ಡಿಗ್ರಿಗೂ ಉತ್ತರ. ಮೂರನೆಯದಕ್ಕೆ ಬೇಕಾದ ಐದು ಅಲ್ಲಿ ಸಿಕ್ಕಿವೆ. ಇನ್ನೊಂದು ಎಚ್ಚರಿಕೆ: ಗೆರೆಯ ಎಲ್ಲ ಏರುತಗ್ಗುಗಳೂ ಸಮ ಇರಬೇಕೆಂದೂ ಇಲ್ಲ. n + 2 ಸಮವಾಗಿ, ಚಿಹ್ನೆ ಬದಲಿಸುತ್ತಾ ಬಂದರೆ ಸಾಕು. ನಡುವೆ ಕುಳ್ಳ ಗುಡ್ಡ ಇದ್ದರೂ ಅಡ್ಡಿಯಿಲ್ಲ.

ಪ್ರಸಂಗ ಬಂತೆಂದು ಒಂದು ಮಾತು. ಚೆಬಿಶೆವ್ ಈ ಪ್ರಶ್ನೆಗೆ ಬಂದದ್ದು ಉಗಿಯಂತ್ರದ ಕಡೆಯಿಂದ. ವಾಟ್‌ನ ಯಂತ್ರದಲ್ಲಿ ಪಿಸ್ಟನ್ ದಂಡ ನೇರವಾಗಿ ಏರಿಳಿಯಲು ಕೀಲು ಜೋಡಿಸಿದ ಸರಳುಗಳಿದ್ದವು. ಆ ಕೀಲು ಬರೆಯುವ ಗೆರೆ ಪೂರ್ತಿ ನೇರ ಅಲ್ಲ, ನೇರದ ಆಚೀಚೆ ಸ್ವಲ್ಪ ಓಲಾಡುತ್ತದೆ. ಆ ಓಲಾಟವನ್ನು ಎಷ್ಟು ಕಡಿಮೆ ಮಾಡಬಹುದು ಎಂಬುದೇ 1854 ರಲ್ಲಿ ಅಚ್ಚಾದ ಅವರ ಪ್ರಬಂಧದ ಮೂಲ. ನಾವು ಇಂದು ಅವರ ಹೆಸರಿನಲ್ಲಿ ಹೇಳುವ ಪ್ರಮೇಯಕ್ಕೆ ಪೂರ್ತಿ ಸಾಧನೆ ಬಂದದ್ದು ತಡವಾಗಿ, 1902 ರಲ್ಲಿ ಕಿರ್ಚ್‌ಬರ್ಗರ್ ಗಾಟಿಂಗೆನ್ನಿನಲ್ಲಿ ಬರೆದ ಪ್ರಬಂಧದಲ್ಲಿ.

ಬೆಸುಗೆಕಡ್ಡಿ · ಬುಧವಾರ ಬೆಳಿಗ್ಗೆ 7:50

ಇಬ್ಬನಿ ಅಕ್ಕಾ, ಎತ್ತಿ ವಾಲಿಸಿ ಕೈಯಲ್ಲಿ ಎಷ್ಟು ಸಲ ಮಾಡೋದು? 0.98904 ನಂಥ ಅಂಕಿಗಳು ಹೇಗೆ ಬರುತ್ತವೆ?

ಇಬ್ಬನಿ · ಬುಧವಾರ ಮಧ್ಯಾಹ್ನ 12:30

ಕೀವ್‌ನ ಗಣಿತಜ್ಞ ರೆಮೆಜ್ 1934 ರಲ್ಲಿ ಕೊಟ್ಟ ದಾರಿ ಇದೆ. ಶಿಖರಗಳು ಎಲ್ಲಿವೆ ಅಂತ ಮೊದಲು ಒಂದು ಊಹೆ ಮಾಡೋದು, ಆ ನಾಲ್ಕು ಕಡೆ ತಪ್ಪು ಬಲವಂತವಾಗಿ ಸಮ ಆಗುವಂತೆ ಸಮೀಕರಣ ಬಿಡಿಸೋದು, ಬಂದ ಗೆರೆಯ ನಿಜವಾದ ಶಿಖರಗಳನ್ನು ಹುಡುಕಿ ಅವುಗಳನ್ನು ಹೊಸ ಊಹೆ ಮಾಡಿಕೊಳ್ಳೋದು. ಊಹೆಗೆ ತುಂಗಾತೀರರ T₃ ಸರಿಯಾಗಿ ಒದಗುತ್ತೆ: −1, −0.5, 0.5, 1.

```python
import numpy as np
x = np.array([-1, -0.5, 0.5, 1])
A = np.c_[np.ones(4), x, x**2, [-1, 1, -1, 1]]
print(np.linalg.solve(A, np.exp(x)))
```

ಗೊತ್ತಿಲ್ಲದ ಬೆಲೆಗಳು ನಾಲ್ಕು: ಮೂರು ಗುಣಾಂಕ, ಜೊತೆಗೆ ಸಮ ಎತ್ತರ E. ಉತ್ತರ 0.98914, 1.13086, 0.55394, E = 0.04434. ಊಹಿಸಿದ ನಾಲ್ಕು ಕಡೆ ತಪ್ಪು ಸರಿಯಾಗಿ 0.04434, ಆದರೆ ಶಿಖರ ಅಲ್ಲಿಲ್ಲ. ನಿಜವಾದ ಶಿಖರಗಳು −0.4386 ರಲ್ಲಿ +0.04523, 0.5609 ರಲ್ಲಿ −0.04547. ಇವೆರಡನ್ನೂ ತುದಿಗಳನ್ನೂ ಇಟ್ಟು ಮತ್ತೊಮ್ಮೆ ಬಿಡಿಸಿದರೆ E = 0.04502. ನಿಮ್ಮ ಗೆಳೆಯನ ಅಂಕಿ ಬಂದೇ ಬಿಟ್ಟಿತು, ಎರಡೇ ಸುತ್ತು.

ಮೊದಲ ಸುತ್ತಿನಲ್ಲೇ ಇನ್ನೊಂದು ಲಾಭ ಇದೆ. ಅತ್ಯುತ್ತಮ ತಪ್ಪು 0.04434 ಕ್ಕಿಂತ ಕಡಿಮೆ ಇರಲು ಸಾಧ್ಯವೇ ಇಲ್ಲ, 0.04547 ಕ್ಕಿಂತ ಹೆಚ್ಚೂ ಇರಲ್ಲ. ಕೆಳಗಿನ ಮಿತಿ ಮೇಷ್ಟ್ರು ಹೇಳಿದ ದಾಟುವ ಎಣಿಕೆಯಿಂದಲೇ ಬರುತ್ತೆ. ಎರಡು ಮಿತಿಗಳ ನಡುವೆ ನಿಮ್ಮ ಕೆಲಸಕ್ಕೆ ತಾಗದಷ್ಟೇ ಅಂತರ ಉಳಿದರೆ ಅಲ್ಲೇ ನಿಲ್ಲಿಸಬಹುದು.

ಏಳುಸುತ್ತು · ಬುಧವಾರ ರಾತ್ರಿ 8:20

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಮೇಡಂ ಕೊಟ್ಟ ನಾಲ್ಕು ಸಾಲನ್ನು ನನ್ನ sin x ಗೆ ಹಾಕಿದೆ. −π/2 ರಿಂದ π/2, ಮೂರನೇ ಡಿಗ್ರಿ, ಐದು ಬಿಂದು. E = 0 ಬಂತು! ಅಂದರೆ ಸೈನ್ ಮೂರನೇ ಡಿಗ್ರಿಯಲ್ಲಿ ತಪ್ಪೇ ಇಲ್ಲದೆ ಸಿಗುತ್ತಾ? ಗ್ರಾಫ್ ನೋಡಿದರೆ ಹಾಗಿಲ್ಲ. ಚಿಹ್ನೆ ತಪ್ಪು ಹಾಕಿದೆನಾ ಅಂತ ಎರಡು ಗಂಟೆ ಹುಡುಕಿದೆ.

ಇಬ್ಬನಿ · ಬುಧವಾರ ರಾತ್ರಿ 9:30

ಚಿಹ್ನೆ ಸರಿಯಾಗಿದೆ, ಎಡವಿದ್ದು ಸಮರೂಪದ ಮೇಲೆ. ಐದು ಬಿಂದುಗಳು ಸೊನ್ನೆಯ ಎರಡೂ ಕಡೆ ಸಮವಾಗಿ ಕೂತಿವೆ. ಅಲ್ಲಿ ನೀವು ಕೇಳಿದ ಚಿಹ್ನೆಗಳು +, −, +, −, +, ಎಡಬಲ ಒಂದೇ ಥರ. ಸೈನ್ ಎಡಬಲ ತಿರುಗುಮುರುಗು, ಎಡದಲ್ಲಿ ಋಣ, ಬಲದಲ್ಲಿ ಧನ. ಹಾಗಾಗಿ ಸಮೀಕರಣಕ್ಕೆ E = 0 ಬಿಟ್ಟು ಬೇರೆ ಉತ್ತರ ಇಲ್ಲ. ಗೆರೆ ಐದೂ ಬಿಂದುಗಳಲ್ಲಿ ಸೈನ್ ಮೇಲೆಯೇ ಕೂತಿದೆ, ನಡುವೆ ಮಾತ್ರ ತಪ್ಪು ಇದೆ.

|x| ನ ಐದು ಶಿಖರಗಳ ಕತೆಯೇ ಇದು, ವೇಷ ಬೇರೆ. ಸೈನ್‌ಗೆ ಮೂರನೇ ಡಿಗ್ರಿಯ ಉತ್ತರವೇ ನಾಲ್ಕನೇ ಡಿಗ್ರಿಗೂ ಉತ್ತರ, ಆದ್ದರಿಂದ ಆರು ಶಿಖರ ಇವೆ. ನೀವು ಐದು ಕೇಳಿದಿರಿ. ಎಡಬಲ ಮಡಚಿ, ಬಲ ಅರ್ಧದಲ್ಲಿ ಮಾತ್ರ ಕೆಲಸ ಮಾಡಿ. p = a x + b x³, ಮೂರು ಬಿಂದು: 0.4854, 1.2708, 1.5708. ಚಿಹ್ನೆ +, −, +.

ಬಿಡಿಸಿದರೆ a = 0.9855, b = −0.1426, E = 0.0045. ಮೊದಲ ಸುತ್ತಿಗೇ ಇಷ್ಟು. ಟೇಲರಿನ x − x³/6 ಗೆ π/2 ರಲ್ಲಿ 0.075 ತಪ್ಪು ಇತ್ತು.

ಏಳುಸುತ್ತು · ಬುಧವಾರ ರಾತ್ರಿ 10:10

ಬಂತು. ಆದರೆ ಸೊನ್ನೆ ಹತ್ತಿರ ಇದು ನನಗೆ ಒಗ್ಗಲ್ಲ. x ತೀರಾ ಚಿಕ್ಕದಾದಾಗ sin x ಬದಲು 0.9855 x ಬರುತ್ತೆ, ನೂರಕ್ಕೆ ಒಂದೂವರೆ ಭಾಗ ಕಡಿಮೆ. ನನ್ನದು ಕೋನ ಎಣಿಸುವ ಕೆಲಸ, ಚಿಕ್ಕ ಕೋನಗಳೇ ಹೆಚ್ಚು.

ಹಳೇ ಮೇಷ್ಟ್ರು · ಗುರುವಾರ ಬೆಳಿಗ್ಗೆ 6:40

ಹಾಗಿದ್ದರೆ ನೀವು ಅಳೆಯಬೇಕಾದ ತಪ್ಪೇ ಬೇರೆ. ತಪ್ಪನ್ನು sin x ನಿಂದ ಭಾಗಿಸಿ, ಆ ಪ್ರಮಾಣದ ಶಿಖರಗಳನ್ನು ಸಮ ಮಾಡಿ. ದಾಟುವ ಎಣಿಕೆ ಅಲ್ಲಿಯೂ ಹಾಗೆಯೇ ನಡೆಯುತ್ತದೆ, ಯಾಕೆಂದರೆ ಬಲ ಅರ್ಧದಲ್ಲಿ sin x ಧನವಾಗಿಯೇ ಇದೆ. ಭಾಗಿಸಿದರೆ ಚಿಹ್ನೆ ಬದಲಾಗುವುದಿಲ್ಲ, ಎತ್ತರ ಮಾತ್ರ ಬದಲಾಗುತ್ತದೆ. ಗುಣಾಂಕಗಳು ಬೇರೆ ಬರುತ್ತವೆ. ಮಾಡಿ ನೋಡಿ, ಇಲ್ಲಿ ಹಾಕಿ.

ಬೆಸುಗೆಕಡ್ಡಿ · ಗುರುವಾರ ರಾತ್ರಿ 10:45

ನನ್ನ ಬೋರ್ಡಿನ ಸುದ್ದಿ. ಗುಣಾಂಕಗಳನ್ನು ಒಂದೊಂದು ಬೈಟಿನಲ್ಲಿ ಇಡಬೇಕು, 64 ರಲ್ಲಿ ಇಷ್ಟು ಅಂತ. 0.98904 ಅಂದರೆ 63.30, 1.13018 ಅಂದರೆ 72.33, 0.55404 ಅಂದರೆ 35.46. ಹತ್ತಿರದ ಪೂರ್ಣಾಂಕಕ್ಕೆ ಇಳಿಸಿದೆ: 63, 72, 35. ಬಲ ತುದಿಯಲ್ಲಿ ತಪ್ಪು 0.062 ಕ್ಕೆ ಹಾರಿತು! ಮೂರನ್ನೂ ಕೆಳಕ್ಕೇ ಇಳಿಸಿದ್ದರಿಂದ x = 1 ರಲ್ಲಿ ಮೂರರ ನಷ್ಟವೂ ಒಟ್ಟುಗೂಡಿದೆ.

ಅದಕ್ಕೆ ಪ್ರತಿಯೊಂದರ ಮೇಲಿನ ಕೆಳಗಿನ ಪೂರ್ಣಾಂಕ ಎರಡನ್ನೂ ಹಿಡಿದು ಎಂಟು ಜೋಡಣೆ ಪರೀಕ್ಷಿಸಿದೆ. ಎಲ್ಲಕ್ಕಿಂತ ಒಳ್ಳೆಯದು 63, 73, 36. ಅತಿ ದೊಡ್ಡ ತಪ್ಪು 0.053, ಬರೋದು −0.44 ರ ಹತ್ತಿರ. 72.33 ನ್ನು 73 ಮಾಡಬೇಕು ಅಂತ ನನಗೆ ಯಾವತ್ತೂ ಹೊಳೀತಿರಲಿಲ್ಲ. ಶಿಖರಗಳು ಈಗ ಸಮ ಇಲ್ಲ: −0.038, +0.053, −0.049, +0.031.

ಇಲ್ಲಿ ನನಗೆ ಗೊಂದಲ. ಅಕ್ಕ ಹೇಳಿದ ಪ್ರಕಾರ ಏರುಪೇರು ಇದ್ದರೆ ಚೂರು ಸೇರಿಸಿ ತಗ್ಗಿಸಬಹುದು. ಆದರೆ ನನ್ನ ಹತ್ತಿರ ಚೂರೇ ಇಲ್ಲ, ಅತಿ ಚಿಕ್ಕ ಹೆಜ್ಜೆ 1/64. ಹಾಗಾದರೆ ಇದೇ ಅತ್ಯುತ್ತಮ ಅಂತ ಹೇಗೆ ಗೊತ್ತಾಗುತ್ತೆ?

ಇಬ್ಬನಿ · ಗುರುವಾರ ರಾತ್ರಿ 11:30

ಶಿಖರಗಳನ್ನು ನೋಡಿ ಮಾತ್ರ ಗೊತ್ತಾಗಲ್ಲ. ನನ್ನ ವಾದ ಪೂರ್ತಿ ನಿಂತಿದ್ದು "ಎಷ್ಟು ಬೇಕಾದರೂ ಸಣ್ಣ ಚೂರು" ಅನ್ನೋದರ ಮೇಲೆ, ನಿಮ್ಮ ಬೈಟಿನಲ್ಲಿ ಆ ನೆಲವೇ ಇಲ್ಲ. 0.04502 ಕ್ಕಿಂತ ಕೆಳಗೆ ಹೋಗಲ್ಲ ಅನ್ನೋದು ಮಾತ್ರ ಖಚಿತ. ನಿಮ್ಮ 0.053 ಕ್ಕೂ ಅದಕ್ಕೂ ನಡುವೆ ಇನ್ನೊಂದು ಜೋಡಣೆ ಇರಬಹುದು, ಎಂಟರ ಆಚೆಗೆ, ಒಂದು ಗುಣಾಂಕ ಎರಡು ಹೆಜ್ಜೆ ಸರಿದು ಇನ್ನೊಂದು ಅದನ್ನು ಸರಿದೂಗಿಸಿದ ಕಡೆ. Sollya ಅನ್ನೋ ಸಾಫ್ಟ್‌ವೇರಿನಲ್ಲಿ ಇಂಥ ಕೆಲಸಕ್ಕೇ `fpminimax` ಅಂತ ಒಂದು ಆದೇಶ ಇದೆ. ಅದು ಬಹಳ ಒಳ್ಳೆಯದನ್ನು ಕೊಡುತ್ತೆ, ಆದರೆ ಅದೇ ಅತ್ಯುತ್ತಮ ಅನ್ನುವ ಖಾತರಿ ಕೊಡಲ್ಲ. ನಿಮ್ಮದು ಮೂರೇ ಗುಣಾಂಕ ಆದ್ದರಿಂದ ಪ್ರತಿಯೊಂದಕ್ಕೂ ನಾಲ್ಕು ನಾಲ್ಕು ಹೆಜ್ಜೆ ಆಚೀಚೆ ಇಟ್ಟು ಎಲ್ಲವನ್ನೂ ಪರೀಕ್ಷಿಸಿಬಿಡಿ, 729 ಜೋಡಣೆ, ಕಣ್ಣು ಮಿಟುಕಿಸೋದರಲ್ಲಿ ಮುಗಿಯುತ್ತೆ. ಶಿಖರ ಹುಡುಕುವಾಗ ಬಿಂದುಗಳನ್ನು ಒತ್ತಾಗಿ ಇಡಿ, ಸಾವಿರಕ್ಕೆ ಕಡಿಮೆ ಬೇಡ. ವಿರಳವಾಗಿಟ್ಟರೆ ನಿಜವಾದ ಶಿಖರ ಎರಡು ಬಿಂದುಗಳ ನಡುವೆ ತಪ್ಪಿಸಿಕೊಂಡು, ತಪ್ಪು ಇರೋದಕ್ಕಿಂತ ಕಡಿಮೆ ಕಾಣುತ್ತೆ.

ತುಂಗಾತೀರ · ಶುಕ್ರವಾರ ಬೆಳಿಗ್ಗೆ 7:05

ಗುಣಾಂಕಗಳು ಹತ್ತಾದರೆ? ಆಚೀಚೆ ನಾಲ್ಕು ಹೆಜ್ಜೆ ಅಂದರೆ ಒಂಬತ್ತರ ಹತ್ತನೇ ಘಾತ, ಮುನ್ನೂರು ಕೋಟಿಗೂ ಮೇಲೆ. ಆಗ ದಾಟುವ ಎಣಿಕೆಯಂಥ ಒಂದು ಅಡ್ಡದಾರಿ ಪೂರ್ಣಾಂಕಗಳಿಗೂ ಇರಬೇಕು ಅಂತ ನನಗೆ ಅನ್ನಿಸುತ್ತೆ. ಮೇಷ್ಟ್ರೇ?

ಹಳೇ ಮೇಷ್ಟ್ರು · ಶುಕ್ರವಾರ ಬೆಳಿಗ್ಗೆ 9:15

ಅಷ್ಟು ಚೊಕ್ಕವಾದದ್ದನ್ನು ನಾನು ಕಂಡಿಲ್ಲ. ಪೂರ್ಣಾಂಕದ ಎರಡು ಬಹುಪದೋಕ್ತಿಗಳ ವ್ಯತ್ಯಾಸವೂ ಪೂರ್ಣಾಂಕದ್ದೇ, ಹಾಗಾಗಿ ಅದು ಬೇಕಾದ ಕಡೆ ಸೊನ್ನೆಯಾಗಲು ಒಪ್ಪುವುದಿಲ್ಲ. ನಮ್ಮ ಕೀಲು ಇಡುವ ಕೆಲಸ ಅಲ್ಲಿಗೇ ಮುರಿದುಬೀಳುತ್ತದೆ. ಆದರೆ 0.053 ಕ್ಕಿಂತ ಕಡಿಮೆ ಬೇಕು ಎಂದು ಹಟ ಹಿಡಿದರೆ, x ನ ಒಂದೊಂದು ಬೆಲೆಯೂ ಮೂರು ಗುಣಾಂಕಗಳ ಮೇಲೆ ಎರಡೆರಡು ಬೇಲಿ ಹಾಕುತ್ತದೆ. ಆ ಬೇಲಿಗಳ ಒಳಗೆ ಎಷ್ಟು ಪೂರ್ಣಾಂಕ ಬಿಂದುಗಳು ಉಳಿದಿವೆ ಎಂದು ಎಣಿಸಿದರೆ ಸಾಕು, 729 ನ್ನೂ ನೋಡಬೇಕಿಲ್ಲ. ಸಂಜೆ ಕೂತು ಬೆಸುಗೆಕಡ್ಡಿಯವರ ಅಂಕಿಗಳಿಗೆ ಎಳೆದು ನೋಡುತ್ತೇನೆ.